ಆರು ಪುಟದಿಂದ ಅರ್ಧ ಪುಟಕ್ಕೆ

ರೆಸ್ಯೂಮೆ ಎಂಬ ಫ್ರೆಂಚ್ ಪದದ ಅರ್ಥವೇ 'ಸಂಕ್ಷೇಪಿಸಿದ್ದು'. ಆದರೂ ಬೆಂಗಳೂರಿನ ಕನ್ಸಲ್ಟೆನ್ಸಿಗಳಿಗೆ ಬರುವ ರೆಸ್ಯೂಮೆಗಳಲ್ಲಿ ಆರೇಳು ಪುಟದವು ಬೇಕಾದಷ್ಟಿರುತ್ತವೆ. ಹತ್ತು ಹನ್ನೆರಡು ವರ್ಷ ದುಡಿದವರು ಕೆಲಸ ಬದಲಿಸಿದಾಗಲೆಲ್ಲ ಹೊಸದನ್ನು ಮೇಲೆ ಅಂಟಿಸುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಇಂಥ ಕಟ್ಟನ್ನು ಅರ್ಧ ಪುಟಕ್ಕೆ ಇಳಿಸಿ, ಆ ಹುದ್ದೆಗೆ ಜನ ಆರಿಸುವ ಮ್ಯಾನೇಜರ್‌ಗೆ ಕಳಿಸುವುದು ರಿಕ್ರೂಟರ್‌ನ ಕೆಲಸ. ಹೀಗೆ ಇಳಿಸಿ ಬರೆದದ್ದಕ್ಕೆ ಈ ವೃತ್ತಿಯಲ್ಲಿ ಪ್ರೊಫೈಲ್ ಎಂದು ಹೆಸರು. ನೂರೈವತ್ತು ಇನ್ನೂರು ಪದ ಮೀರಿದರೆ ಅದನ್ನು ಓದುವವರು ಕಡಿಮೆ.

ಪ್ರೊಫೈಲ್‌ನಲ್ಲಿ ಸುಳ್ಳು ನುಸುಳುವ ದಾರಿ ಸ್ವಲ್ಪ ವಿಚಿತ್ರ. ಇಲ್ಲದ್ದನ್ನು ಬೇಕೆಂದೇ ಸೇರಿಸುವ ರಿಕ್ರೂಟರ್‌ಗಳು ಇದ್ದಾರೆ, ಆದರೆ ಅವರ ಮಾತು ಇಲ್ಲಿ ಬೇಡ. ಹೆಚ್ಚಿನ ಉತ್ಪ್ರೇಕ್ಷೆ ಹುಟ್ಟುವುದು ಮಾತನ್ನು ಬಿಡುವುದರಿಂದ. 'ಒಂದು ಗ್ರೂಪ್ ಪಾಸಾಗಿದೆ' ಎಂಬಲ್ಲಿ 'ಒಂದು ಗ್ರೂಪ್' ಬಿಟ್ಟರೆ ಪೂರ್ತಿ ಪಾಸಾದಂತೆ ಕಾಣುತ್ತದೆ. 'ಬದಲಾವಣೆಯ ಕೆಲಸದಲ್ಲಿ ನೆರವಾದರು' ಎಂಬಲ್ಲಿ 'ನೆರವಾದರು' ಬಿಟ್ಟರೆ ಇಡೀ ಬದಲಾವಣೆ ಅವರದೇ ಆಗುತ್ತದೆ. ಜಾಗ ಉಳಿಸಲು ಕತ್ತರಿ ಹಾಕುವಾಗ ಮೊದಲು ಉದುರುವುದು ಇಂಥ ಸಣ್ಣ ಪದಗಳೇ. ಹಕ್ಕಿಗೆ ಮಿತಿ ಹಾಕುತ್ತಿದ್ದದ್ದೂ ಅವೇ. ಹಾಗಾಗಿ ಕತ್ತರಿಸುವವರು ಒಂದೂ ಸುಳ್ಳು ಪದ ಬರೆಯದೆ ಸುಳ್ಳು ಪ್ರೊಫೈಲ್ ಬರೆದುಬಿಡಬಹುದು.

ಒಂದು ಉದಾಹರಣೆ ಇಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ ಅಕೌಂಟ್ಸ್ ಮ್ಯಾನೇಜರ್ ಬೇಕಾಗಿದ್ದಾರೆ ಎಂದುಕೊಳ್ಳಿ. ಇಸವಿ 2025, ಮಾರ್ಚ್ ತಿಂಗಳು. ಬಂದ ರೆಸ್ಯೂಮೆಗಳಲ್ಲಿ ಒಂದು ಶಿವಮೊಗ್ಗ ಕಡೆಯವರದ್ದು. ಈಗ ಬೊಮ್ಮಸಂದ್ರದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ರೆಸ್ಯೂಮೆ ಆರು ಪುಟ. ಇಂಗ್ಲಿಷಿನಲ್ಲಿದೆ, ಪ್ರೊಫೈಲ್ ಕೂಡ ಇಂಗ್ಲಿಷಿನಲ್ಲೇ ಹೋಗಬೇಕು. ಆದರೆ ತೂಗಿ ನೋಡುವ ಕೆಲಸ ಯಾವ ಭಾಷೆಯಲ್ಲಾದರೂ ಒಂದೇ.

ಮೊದಲ ಹೆಜ್ಜೆ ರೆಸ್ಯೂಮೆಯ ಕಡೆಗಲ್ಲ, ಹುದ್ದೆಯ ಕಡೆಗೆ. ಕಾರ್ಖಾನೆ ಕಳಿಸಿದ ಹುದ್ದೆಯ ವಿವರದಲ್ಲಿ ಇಪ್ಪತ್ತೆರಡು ಅಂಶಗಳಿವೆ. 'ಒಳ್ಳೆಯ ಸಂವಹನ ಕೌಶಲ' ಎಂಬುದೂ ಒಂದು. ಅದು ಇಲ್ಲದ ಹುದ್ದೆಯ ವಿವರ ಸಿಕ್ಕುವುದೇ ಕಷ್ಟ. ಇಪ್ಪತ್ತೆರಡಕ್ಕೂ ಉತ್ತರ ಬರೆಯಹೊರಟರೆ ಪ್ರೊಫೈಲ್ ಮತ್ತೆ ಆರು ಪುಟವಾಗುತ್ತದೆ. ಅನುಭವಿ ರಿಕ್ರೂಟರ್ ಫೈನಾನ್ಸ್ ಹೆಡ್‌ಗೆ ಒಂದು ಫೋನ್ ಮಾಡಿ ಕೇಳುವುದು ಒಂದೇ: ಏನಿಲ್ಲದಿದ್ದರೆ ನೀವು ಇಂಟರ್‌ವ್ಯೂಗೇ ಕರೆಯುವುದಿಲ್ಲ? ಈ ಹುದ್ದೆಗೆ ಸಿಕ್ಕ ಉತ್ತರಗಳು ನಾಲ್ಕು. ಜಿಎಸ್‌ಟಿ ರಿಟರ್ನ್‌ಗಳನ್ನು ಸ್ವಂತವಾಗಿ ಸಿದ್ಧಪಡಿಸಲು ಬರಬೇಕು, ಖರೀದಿ ಬಿಲ್ಲುಗಳನ್ನು ತಾಳೆ ನೋಡುವುದೂ ಸೇರಿ. ತಿಂಗಳ ಲೆಕ್ಕ ಮುಂದಿನ ತಿಂಗಳ ಐದನೇ ತಾರೀಖಿಗೆ ಮುಗಿಸಬೇಕು. ಕೈಕೆಳಗೆ ಮೂರು ಜನರನ್ನು ನಡೆಸಬೇಕು. ಎಸ್‌ಎಪಿಯಲ್ಲಿ ದಿನನಿತ್ಯ ಕೆಲಸ ಮಾಡಿರಬೇಕು. ಪ್ರೊಫೈಲ್ ಈ ನಾಲ್ಕು ಪ್ರಶ್ನೆಗೆ ಉತ್ತರ. ಆರು ಪುಟದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಇವು ತೀರ್ಮಾನಿಸುತ್ತವೆ. ಇವಿಲ್ಲದೆ ಹೊರಟರೆ ರೆಸ್ಯೂಮೆಯಲ್ಲಿ ಯಾವುದು ಹೊಳೆಯುತ್ತದೋ ಅದನ್ನೇ ಎತ್ತಿಕೊಳ್ಳುವಂತಾಗುತ್ತದೆ.

ಎರಡನೆಯದು ಕಾಲದ ಲೆಕ್ಕ. ರೆಸ್ಯೂಮೆಯ ತಲೆಯಲ್ಲಿ 'ಹದಿನಾಲ್ಕಕ್ಕೂ ಹೆಚ್ಚು ವರ್ಷಗಳ ಸಮೃದ್ಧ ಅನುಭವ' ಎಂದಿದೆ. ಆ ಸಾಲನ್ನು ನಂಬುವುದೂ ಬೇಡ, ಅನುಮಾನಿಸುವುದೂ ಬೇಡ. ಒಂದು ಹಾಳೆಯ ಮೇಲೆ ತಿಂಗಳು ಎಣಿಸಿದರೆ ಸಾಕು. ಈ ಅಭ್ಯರ್ಥಿ 2011ರ ಜುಲೈಯಿಂದ 2014ರ ಮಾರ್ಚ್ ಕೊನೆಯವರೆಗೆ ಶಿವಮೊಗ್ಗದ ಒಂದು ಆಡಿಟರ್ ಕಚೇರಿಯಲ್ಲಿದ್ದರು: 33 ತಿಂಗಳು. 2015ರ ಜನವರಿಯಿಂದ 2019ರ ಜೂನ್ ಕೊನೆಯವರೆಗೆ ಬೆಂಗಳೂರಿನ ಪ್ಯಾಕಿಂಗ್ ಸಾಮಗ್ರಿ ತಯಾರಕರಲ್ಲಿ ಅಕೌಂಟೆಂಟ್: 54 ತಿಂಗಳು. 2019ರ ಸೆಪ್ಟೆಂಬರ್‌ನಿಂದ ಈಗಿನ ಕಾರ್ಖಾನೆ. 2025ರ ಫೆಬ್ರವರಿ ಮುಗಿಯುವವರೆಗೆ 66 ತಿಂಗಳು. ಒಟ್ಟು 153 ತಿಂಗಳು, ಅಂದರೆ 12 ವರ್ಷ 9 ತಿಂಗಳು. ಮೊದಲ ಕೆಲಸಕ್ಕೆ ಸೇರಿದ ದಿನದಿಂದ ಇವತ್ತಿನವರೆಗೆ ನೇರವಾಗಿ ಎಣಿಸಿದರೆ 13 ವರ್ಷ 8 ತಿಂಗಳು ಬರುತ್ತದೆ. ಅದನ್ನೇ ಮೇಲಕ್ಕೆ ದುಂಡಗೆ ಮಾಡಿ ಹದಿನಾಲ್ಕು, ಅದಕ್ಕೊಂದು 'ಪ್ಲಸ್' ಗುರುತು. ನಡುವೆ ಕೆಲಸವಿಲ್ಲದ ಹನ್ನೊಂದು ತಿಂಗಳು ಎಲ್ಲೋ ಕರಗಿಹೋಗಿದೆ.

ಇದನ್ನು ಮೋಸ ಎಂದು ಕರೆಯಬೇಕಿಲ್ಲ. ಹೆಚ್ಚಿನವರು ಹೀಗೆಯೇ ಎಣಿಸುತ್ತಾರೆ, ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಎಣಿಸಿದ ಹಾಗೆ. ಆದರೆ ಪ್ರೊಫೈಲ್‌ಗೆ ಹೋಗಬೇಕಾದ್ದು 12 ವರ್ಷ 9 ತಿಂಗಳು. ಕೆಲಸ ಸಿಕ್ಕ ಮೇಲೆ ಕಂಪನಿಯವರು ಹಿನ್ನೆಲೆ ಪರಿಶೀಲನೆ ಮಾಡಿಸಿದಾಗ ಭವಿಷ್ಯನಿಧಿಯ ಯುಎಎನ್ ದಾಖಲೆಯಲ್ಲಿ ಯಾವ ಕಂಪನಿಗೆ ಯಾವಾಗ ಸೇರಿದ್ದು, ಯಾವಾಗ ಬಿಟ್ಟದ್ದು ಎಂಬುದು ಕಾಣುತ್ತದೆ. ಪ್ರೊಫೈಲ್‌ನ ತಿಂಗಳುಗಳು ಅದಕ್ಕೆ ಹೊಂದದಿದ್ದರೆ ಉತ್ತರ ಕೊಡಬೇಕಾದವರು ಅಭ್ಯರ್ಥಿ.

ಕಾಲದ ಲೆಕ್ಕ ಒಟ್ಟು ಅನುಭವಕ್ಕೇ ನಿಲ್ಲುವುದಿಲ್ಲ. ಎರಡನೇ ಪುಟದಲ್ಲಿ ಇನ್ನೊಂದು ಸಾಲಿದೆ: 'ಜಿಎಸ್‌ಟಿಯಲ್ಲಿ ಹತ್ತು ವರ್ಷಗಳ ಪರಿಣತಿ'. ದೇಶದಲ್ಲಿ ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. 2025ರ ಫೆಬ್ರವರಿ ಕೊನೆಗೆ ಈ ದೇಶದಲ್ಲಿ ಯಾರಿಗೇ ಆಗಲಿ 7 ವರ್ಷ 8 ತಿಂಗಳಿಗಿಂತ ಹೆಚ್ಚು ಜಿಎಸ್‌ಟಿ ಅನುಭವ ಇರಲಾರದು. ಈ ಅಭ್ಯರ್ಥಿ ನಡುವೆ ಎರಡು ತಿಂಗಳು ಕೆಲಸ ಬಿಟ್ಟಿದ್ದರಿಂದ ಅವರದ್ದು ಹೆಚ್ಚೆಂದರೆ ಏಳೂವರೆ ವರ್ಷ. ಹತ್ತು ಎಲ್ಲಿಂದ ಬಂತು ಎಂದು ಹುಡುಕಿದರೆ ಕಾರಣ ಸಿಗುತ್ತದೆ: ಪ್ಯಾಕಿಂಗ್ ಕಂಪನಿಯಲ್ಲಿ 2015ರಿಂದ ವ್ಯಾಟ್, ಸೇವಾ ತೆರಿಗೆ, ಅಬಕಾರಿ ಸುಂಕ ನೋಡಿಕೊಳ್ಳುತ್ತಿದ್ದರು; ಆ ತೆರಿಗೆಗಳು ಜಿಎಸ್‌ಟಿಯಲ್ಲಿ ಕೂಡಿಹೋದ ಮೇಲೆ ಮೊದಲಿನಿಂದಲೂ ಜಿಎಸ್‌ಟಿಯೇ ಎಂಬಂತೆ ಒಂದೇ ಹೆಸರಿನಡಿ ಸೇರಿಸಿದ್ದಾರೆ. ಇಲ್ಲಿ ಎರಡು ತಪ್ಪು ಆಗಬಹುದು. ಹತ್ತು ವರ್ಷ ಎಂದೇ ಬರೆದರೆ ಉಬ್ಬಿಸಿದಂತೆ. ಸುಮ್ಮನೆ ಏಳೂವರೆ ಎಂದು ಬರೆದು ಉಳಿದದ್ದನ್ನು ಬಿಟ್ಟರೆ ನಿಜವಾದ ಎರಡೂವರೆ ವರ್ಷದ ಪರೋಕ್ಷ ತೆರಿಗೆಯ ಕೆಲಸ ಕಳೆದುಹೋಗುತ್ತದೆ. 'ಜಿಎಸ್‌ಟಿ ಏಳೂವರೆ ವರ್ಷ. ಅದಕ್ಕೆ ಮೊದಲು ಎರಡೂವರೆ ವರ್ಷ ವ್ಯಾಟ್ ಮತ್ತು ಸೇವಾ ತೆರಿಗೆ' ಎಂದರೆ ಎರಡೂ ಉಳಿಯಿತು, ಹೆಚ್ಚು ಜಾಗವೂ ಹಿಡಿಯಲಿಲ್ಲ. ಉಬ್ಬಿಸಬಾರದು ಎಂಬ ಹೆದರಿಕೆಯಲ್ಲಿ ಕುಗ್ಗಿಸಿಬಿಡುವುದೂ ಅಭ್ಯರ್ಥಿಗೆ ಮಾಡುವ ಅನ್ಯಾಯವೇ.

ತಂತ್ರಾಂಶಗಳ ಹೆಸರಿಗೂ ಇಂಥದ್ದೇ ಜರಡಿ ಹಿಡಿಯಬಹುದು. ಟ್ಯಾಲಿಪ್ರೈಮ್ ಬಂದದ್ದು 2020ರ ನವೆಂಬರ್‌ನಲ್ಲಿ. 2012ರ ಕೆಲಸದ ಕೆಳಗೆ ಅದರ ಹೆಸರಿದ್ದರೆ ಆಗ ಬಳಸಿದ್ದು ಅದರ ಹಿಂದಿನ ಟ್ಯಾಲಿ. ಯಾರೋ ಎಲ್ಲ ಕಡೆ ಒಟ್ಟಿಗೆ ಹೆಸರು ಬದಲಿಸಿದ್ದಾರೆ ಎಂದರ್ಥ. ಇದರಿಂದ ಅಭ್ಯರ್ಥಿಯ ಯೋಗ್ಯತೆ ಕಡಿಮೆಯಾಗುವುದಿಲ್ಲ, ಆದರೆ ಆ ರೆಸ್ಯೂಮೆಯ ಉಳಿದ ಸಾಲುಗಳನ್ನು ನಿಧಾನವಾಗಿ ಓದಬೇಕು ಎಂದು ಗೊತ್ತಾಗುತ್ತದೆ.

ಓದಿನ ವಿಷಯಕ್ಕೆ ಬಂದರೆ ಮೊದಲ ಪುಟದಲ್ಲಿ ಹೆಸರಿನ ಪಕ್ಕದಲ್ಲೇ 'ಬಿ.ಕಾಂ., ಸಿಎ ಇಂಟರ್' ಎಂದಿದೆ. ಅಕೌಂಟ್ಸ್ ರೆಸ್ಯೂಮೆಗಳಲ್ಲಿ ಇಷ್ಟು ಜಾರುವ ಪದ ಇನ್ನೊಂದಿಲ್ಲ. ಸಿಎ ಇಂಟರ್ ಎಂದರೆ ಎರಡೂ ಗ್ರೂಪ್ ಪಾಸಾಗಿರಬಹುದು, ಒಂದೇ ಪಾಸಾಗಿರಬಹುದು, ಹೆಸರು ನೋಂದಾಯಿಸಿ ಪರೀಕ್ಷೆ ಬರೆದಿರಬಹುದು ಅಷ್ಟೆ. ಬರೆದವರು ಯಾವ ಅರ್ಥದಲ್ಲಿ ಬರೆದರೋ, ಓದುವವರು ದೊಡ್ಡ ಅರ್ಥವನ್ನೇ ಹಿಡಿಯುತ್ತಾರೆ. ಐದನೇ ಪುಟದ ಓದಿನ ಕೋಷ್ಟಕದಲ್ಲಿ ನಿಜ ಇದೆ: 'ಐಪಿಸಿಸಿ, ಗ್ರೂಪ್ 1, ನವೆಂಬರ್ 2014'. ಆ ಪರೀಕ್ಷೆಗೆ ಆಗ ಐಪಿಸಿಸಿ ಎಂದೇ ಹೆಸರು. ಇಂಟರ್‌ಮೀಡಿಯೇಟ್ ಎಂಬ ಹೆಸರು ಮರಳಿದ್ದು 2017ರ ಹೊಸ ಪಠ್ಯಕ್ರಮದೊಂದಿಗೆ. ಆದ್ದರಿಂದ ಇಂಟರ್ ಎಂದು ಕರೆದದ್ದರಲ್ಲಿ ತಪ್ಪೇನಿಲ್ಲ, ಕಾಣೆಯಾದದ್ದು 'ಗ್ರೂಪ್ 1' ಮಾತ್ರ. ಪ್ರೊಫೈಲ್‌ನಲ್ಲಿ 'ಸಿಎ ಇಂಟರ್ (ಆಗಿನ ಐಪಿಸಿಸಿ) ಗ್ರೂಪ್ 1 ಉತ್ತೀರ್ಣ, 2014' ಎಂದು ಬರೆಯಬೇಕು. ಮೊದಲ ಪುಟವನ್ನು ಮಾತ್ರ ಓದಿ ಪ್ರೊಫೈಲ್ ಬರೆಯುವವರು ಎಡವುವುದು ಇಲ್ಲಿ. ರೆಸ್ಯೂಮೆಯ ಮುಂದಿನ ಪುಟ ಜಾಹೀರಾತಿನಂತೆ, ಹಿಂದಿನ ಪುಟಗಳು ದಾಖಲೆಯಂತೆ. ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡದೆ ಮುಂದೆ ಹೋಗಬಾರದು.

ಇನ್ನು ಕ್ರಿಯಾಪದಗಳು. ಈ ಕೆಲಸದಲ್ಲಿ ಹೆಚ್ಚು ಹೊತ್ತು ಕೂರಬೇಕಾದದ್ದು ಇವುಗಳ ಮುಂದೆ. ಇಂಗ್ಲಿಷ್ ರೆಸ್ಯೂಮೆಗಳಲ್ಲಿ 'ಹ್ಯಾಂಡಲ್ಡ್', 'ಇನ್ವಾಲ್ವ್ಡ್ ಇನ್', 'ರೆಸ್ಪಾನ್ಸಿಬಲ್ ಫಾರ್', 'ಲೆಡ್' ಎಂಬ ಪದಗಳು ಅಕ್ಕಿಯಲ್ಲಿ ಕಲ್ಲಿನಂತೆ ಬೆರೆತಿರುತ್ತವೆ. ಒಬ್ಬರು ಒಂದು ಕೆಲಸವನ್ನು ತಾವೇ ತೀರ್ಮಾನಿಸಿ ಮಾಡಿರಬಹುದು. ಬೇರೆಯವರು ತೀರ್ಮಾನಿಸಿದ್ದನ್ನು ತಾವು ಮಾಡಿರಬಹುದು. ಅದರ ಒಂದು ತುಂಡನ್ನು ಮಾತ್ರ ಮಾಡಿರಬಹುದು. ಮಾಡುವವರಿಗೆ ಕಾಗದ ಒದಗಿಸಿರಬಹುದು. ಅಥವಾ ನಡೆಯುವಾಗ ಅದೇ ಕೋಣೆಯಲ್ಲಿ ಇದ್ದಿರಬಹುದು. 'ಇನ್ವಾಲ್ವ್ಡ್ ಇನ್' ಇವು ಐದಕ್ಕೂ ಹೊಂದುತ್ತದೆ. ಸಂಕ್ಷೇಪಿಸುವವರು ಎರಡು ಪದದ ಬದಲು ಒಂದು ಪದ ಹುಡುಕುವಾಗ ಸಹಜವಾಗಿ ಮೇಲಿನ ಮೆಟ್ಟಿಲಿನ ಪದವೇ ಕೈಗೆ ಸಿಗುತ್ತದೆ, ಏಕೆಂದರೆ ಅದೇ ಚಿಕ್ಕದು, ಅದೇ ಗಟ್ಟಿ. ಅನುಮಾನ ಇರುವಲ್ಲಿ ಕೆಳಗಿನ ಮೆಟ್ಟಿಲಿನ ಪದ ಹಾಕುವುದು, ಮೇಲಿನದಕ್ಕೆ ಆಧಾರ ಸಿಕ್ಕಿದಾಗ ಮಾತ್ರ ಏರಿಸುವುದು ಒಳ್ಳೆಯ ರೂಢಿ.

ಉದಾಹರಣೆಯ ರೆಸ್ಯೂಮೆಯಲ್ಲಿ 'ಇನ್ವಾಲ್ವ್ಡ್ ಇನ್ ಎಸ್‌ಎಪಿ ಇಂಪ್ಲಿಮೆಂಟೇಶನ್' ಎಂದಿದೆ. ಅವಸರದಲ್ಲಿ ಅದು 'ಎಸ್‌ಎಪಿ ಅಳವಡಿಸಿದ್ದಾರೆ' ಎಂದಾಗಿಬಿಡುತ್ತದೆ. ಓದಿದ ಮ್ಯಾನೇಜರ್ ಹೊಸ ಶಾಖೆಗೂ ಇವರೇ ಅಳವಡಿಸಿಕೊಡುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ವಿಚಾರಿಸಿದರೆ ಸಂಗತಿ ಹೀಗಿದೆ: 2022ರ ಏಪ್ರಿಲ್‌ನಲ್ಲಿ ಕಾರ್ಖಾನೆ ಟ್ಯಾಲಿಯಿಂದ ಎಸ್‌ಎಪಿಗೆ ಬದಲಾಯಿತು. ಅಳವಡಿಸಿದ್ದು ಹೊರಗಿನ ಕಂಪನಿ. ಗ್ರಾಹಕರ ಮತ್ತು ಸರಬರಾಜುದಾರರ ಆರಂಭಿಕ ಶಿಲ್ಕು ಎರಡೂ ಕಡೆ ಒಂದೇ ಇದೆಯೇ ಎಂದು ತಾಳೆ ನೋಡಿದ್ದು ಈ ಅಭ್ಯರ್ಥಿ. ಆಮೇಲೆ ಸುಮಾರು ಮೂರು ವರ್ಷ ಅದರಲ್ಲೇ ದಿನನಿತ್ಯದ ಕೆಲಸ. ಹುದ್ದೆ ಕೇಳಿದ್ದು ದಿನನಿತ್ಯದ ಬಳಕೆ. ಅದು ಇವರಲ್ಲಿ ಇದೆ. ಹೀಗಿರುವಾಗ ಕೇಳದ ದೊಡ್ಡ ಮಾತನ್ನು ಹೇಳಿ, ಕೇಳಿದ ನಿಜವಾದ ಮಾತನ್ನು ಅದರ ನೆರಳಿಗೆ ತಳ್ಳುವುದು ದಡ್ಡತನ.

ಜಿಎಸ್‌ಟಿ ರಿಟರ್ನ್ 'ಫೈಲ್' ಮಾಡುವುದೂ ಇಂಥದ್ದೇ ಒಂದು ಪದ. ಕಂಪನಿಯಲ್ಲಿ ಒಬ್ಬರು ಬಿಲ್ಲುಗಳನ್ನು ಜೋಡಿಸಿ ಲೆಕ್ಕ ಸಿದ್ಧಪಡಿಸುತ್ತಾರೆ, ಇನ್ನೊಬ್ಬರು ನೋಡುತ್ತಾರೆ, ಪೋರ್ಟಲ್‌ಗೆ ಏರಿಸಿದ ಮೇಲೆ ನಿರ್ದೇಶಕರ ಡಿಜಿಟಲ್ ಸಹಿ ಬೀಳುತ್ತದೆ. ಮೂವರೂ ತಮ್ಮ ರೆಸ್ಯೂಮೆಯಲ್ಲಿ 'ಜಿಎಸ್‌ಟಿ ಫೈಲಿಂಗ್' ಎಂದೇ ಬರೆಯುತ್ತಾರೆ. ಯಾರು ಯಾರು ಎಂದು ತಿಳಿಯಲು ಕೆಲಸದ ಒಳಗಿನ ಒಂದು ಪ್ರಶ್ನೆ ಸಾಕು. ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಪ್ರತಿ ತಿಂಗಳು ಪೋರ್ಟಲ್‌ನಲ್ಲಿ ತಯಾರಾಗುತ್ತದೆ. ಸರಬರಾಜುದಾರರು ತಾವು ಮಾರಿದ್ದೆಂದು ತೋರಿಸಿದ ಬಿಲ್ಲುಗಳು ಅದರಲ್ಲಿರುತ್ತವೆ. ಖರೀದಿ ಮಾಡಿ ಬಿಲ್ ಕೈಯಲ್ಲಿದ್ದು, ಆ ಪಟ್ಟಿಯಲ್ಲಿ ಅದು ಕಾಣದಿದ್ದರೆ ಏನು ಮಾಡುತ್ತೀರಿ? ನಿಜವಾಗಿ ಕೂತು ತಾಳೆ ನೋಡಿದವರು ತಡವರಿಸದೆ ಹೇಳುತ್ತಾರೆ: ಪಟ್ಟಿಯಲ್ಲಿ ಬರುವವರೆಗೆ ಆ ತೆರಿಗೆಯ ಜಮೆ ತೆಗೆದುಕೊಳ್ಳುವಂತಿಲ್ಲ, 2022ರ ಜನವರಿಯಿಂದ ನಿಯಮ ಹಾಗಿದೆ, ಪಾರ್ಟಿಗೆ ಫೋನ್ ಮಾಡಬೇಕು, ಕೆಲವೊಮ್ಮೆ ಅವರ ಪೇಮೆಂಟ್ ತಡೆಹಿಡಿಯಬೇಕು. ಬರೀ ಸಹಿಗೆ ಕಾಗದ ಒಯ್ದವರ ಉತ್ತರ ಬೇರೆ ಥರ ಇರುತ್ತದೆ. ಈ ಅಭ್ಯರ್ಥಿಯ ಉತ್ತರ ಮೊದಲ ಬಗೆಯದು. ವಾರ್ಷಿಕ ರಿಟರ್ನ್ ಬಗ್ಗೆ ಕೇಳಿದಾಗ ಮಾತ್ರ, ಅದನ್ನು ಹೊರಗಿನ ಆಡಿಟರ್ ಮಾಡುತ್ತಾರೆ, ಅಂಕಿಅಂಶ ಕೊಡುವುದಷ್ಟೇ ತಮ್ಮ ಪಾಲು ಎಂದು ಅವರೇ ಹೇಳಿದರು. ರೆಸ್ಯೂಮೆಯಲ್ಲಿ ಎರಡೂ ಒಂದೇ ಸಾಲಿನಲ್ಲಿದ್ದವು.

ಜನರನ್ನು ನಡೆಸಿದ ವಿಷಯ ಇನ್ನೂ ಸೂಕ್ಷ್ಮ. 'ಲೆಡ್ ಎ ಟೀಮ್ ಆಫ್ ಎಯ್ಟ್' ಎಂಬ ಸಾಲಿನ ಬಗ್ಗೆ ಫೋನ್‌ನಲ್ಲಿ ನಡೆದ ಮಾತು ಹೀಗಿರಬಹುದು:

"ಸರ್, ಎಂಟು ಜನರ ಟೀಮ್ ಅಂತ ಇದೆಯಲ್ಲ, ಅವರ ರಜೆ ಯಾರು ಸ್ಯಾಂಕ್ಷನ್ ಮಾಡ್ತಾರೆ?"

"ರಜೆ ಎಲ್ಲ ನಮ್ಮ ಮ್ಯಾನೇಜರ್ರೇ ಮೇಡಂ. ನನ್ನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ, ಎರಡು ವರ್ಷದಿಂದ. ಅವರ ಎಂಟ್ರಿ ನಾನು ಚೆಕ್ ಮಾಡ್ತೀನಿ, ಕೆಲಸ ಹಂಚೋದೂ ನಾನೇ."

"ಹಾಗಾದ್ರೆ ಇಬ್ಬರು ಅಂತ ಹಾಕ್ಲಾ?"

"ಹಾಕಿ ಮೇಡಂ. ಆ ಎಂಟು ಅನ್ನೋದು ಹಿಂದೆ ಒಬ್ಬರು ಫಾರ್ಮ್ಯಾಟ್ ಮಾಡಿಕೊಟ್ಟಾಗ ಬಂದಿದ್ದು. ಡಿಪಾರ್ಟ್‌ಮೆಂಟ್‌ನಲ್ಲಿ ಎಂಟು ಜನ ಇದೀವಿ, ಅಷ್ಟೆ."

'ನೀವು ನಿಜವಾಗಿ ಎಂಟು ಜನರನ್ನು ನಡೆಸಿದ್ದೀರಾ' ಎಂದು ನೇರ ಕೇಳಿದ್ದರೆ ಎದುರಿನವರು ಸೆಟೆದುಕೊಳ್ಳುತ್ತಿದ್ದರು. ರಜೆಯ ಪ್ರಶ್ನೆಯಲ್ಲಿ ಆರೋಪವಿಲ್ಲ, ಉತ್ತರ ಮಾತ್ರ ಸ್ಪಷ್ಟ. ರಜೆ, ಸಂಬಳ ಹೆಚ್ಚಳದ ಶಿಫಾರಸು, ಹೊಸಬರ ಇಂಟರ್‌ವ್ಯೂ, ಈ ಮೂರರಲ್ಲಿ ಯಾವುದು ಯಾರ ಕೈಲಿದೆ ಎಂದು ಕೇಳಿದರೆ ತಂಡದ ನಿಜವಾದ ಗಾತ್ರ ತಾನಾಗಿ ತಿಳಿಯುತ್ತದೆ.

ಅಂಕಿಗಳು ಪ್ರೊಫೈಲ್‌ನಲ್ಲಿ ಮೊದಲು ಕಣ್ಣಿಗೆ ಬೀಳುವಂಥವು, ಹಾಗಾಗಿ ಹೆಚ್ಚು ಹಾನಿ ಮಾಡುವಂಥವು. ಈ ರೆಸ್ಯೂಮೆಯಲ್ಲಿ 'ಗ್ರಾಹಕರ ಹಳೆ ಬಾಕಿ ಶೇ. 40ರಷ್ಟು ಇಳಿಸಿದೆ' ಎಂದಿದೆ. ಶೇಕಡಾವಾರು ಬಂದಲ್ಲಿ ಮೂರು ಸಂಗತಿ ತಿಳಿಯದೆ ಅದನ್ನು ಮುಂದಕ್ಕೆ ದಾಟಿಸಬಾರದು: ಎಷ್ಟರಿಂದ ಎಷ್ಟಕ್ಕೆ, ಎಷ್ಟು ಕಾಲದಲ್ಲಿ, ಜೊತೆಗೆ ಯಾರಿದ್ದರು. ಎರಡು ಲಕ್ಷದ ಬಾಕಿ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ಇಳಿದರೂ ಶೇ. 40, ಹತ್ತು ಕೋಟಿ ಆರು ಕೋಟಿಗೆ ಇಳಿದರೂ ಶೇ. 40. ಅಭ್ಯರ್ಥಿ ಹೇಳಿದ್ದು: 90 ದಿನ ಮೀರಿದ ಬಾಕಿ ಹದಿನಾಲ್ಕು ತಿಂಗಳಲ್ಲಿ 1.5 ಕೋಟಿಯಿಂದ 90 ಲಕ್ಷಕ್ಕೆ ಬಂತು. ಗ್ರಾಹಕರ ಬಳಿ ಹೋಗಿ ಕೇಳಿದ್ದು ಮಾರಾಟ ವಿಭಾಗದವರು. ವಾರವಾರ ಪಟ್ಟಿ ತಯಾರಿಸಿ, ತಕರಾರಿನ ಬಿಲ್ಲುಗಳ ಲೆಕ್ಕ ಬಗೆಹರಿಸಿಕೊಟ್ಟದ್ದು ತಾವು. ಗಣಿತ ಸರಿಯಿದೆ. ಆದರೆ 'ಇಳಿಸಿದರು' ಎಂಬ ಕರ್ತೃ ಸರಿಯಿಲ್ಲ. ಪ್ರೊಫೈಲ್‌ನಲ್ಲಿ ಬಾಕಿ ಇಳಿಯಿತು ಎಂದು ಹೇಳಿ, ಅದರಲ್ಲಿ ಇವರ ಪಾಲು ಯಾವುದು ಎಂದು ಹೇಳಿ, ಅಂಕಿ ಅಭ್ಯರ್ಥಿ ಕೊಟ್ಟದ್ದು ಎಂಬುದನ್ನೂ ಹೇಳಬೇಕು. ರಿಕ್ರೂಟರ್‌ಗೆ ಇನ್ನೊಂದು ಕಂಪನಿಯ ಲೆಕ್ಕದ ಪುಸ್ತಕ ತೆರೆದು ನೋಡುವ ಹಕ್ಕಿಲ್ಲ. ಪರಿಶೀಲಿಸಲಾಗದ್ದನ್ನು ಪರಿಶೀಲಿಸಿದ ಧಾಟಿಯಲ್ಲಿ ಬರೆದರೆ ಅಭ್ಯರ್ಥಿಯ ಮಾತು ರಿಕ್ರೂಟರ್‌ನ ಸಾಕ್ಷ್ಯವಾಗಿಬಿಡುತ್ತದೆ.

ವಿಶೇಷಣಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 'ಸಮೃದ್ಧ', 'ಅತ್ಯುತ್ತಮ', 'ಫಲಿತಾಂಶ ಕೇಂದ್ರಿತ' ಇವನ್ನೆಲ್ಲ ಅಳಿಸಿ ಓದಿದರೆ ಆರು ಪುಟ ನಾಲ್ಕಾಗುತ್ತದೆ, ಮಾಹಿತಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ರೆಸ್ಯೂಮೆಯಲ್ಲಿ ಇಲ್ಲದ್ದನ್ನು ಏನು ಮಾಡಬೇಕು ಎಂಬುದು ಬಿಡಿಸಿಕೊಳ್ಳಬೇಕಾದ ಗಂಟು. ತಿಂಗಳ ಲೆಕ್ಕ ಐದನೇ ತಾರೀಖಿಗೆ ಮುಗಿಸಬೇಕು ಎಂದು ಹುದ್ದೆ ಕೇಳುತ್ತದೆ. ರೆಸ್ಯೂಮೆಯಲ್ಲಿ 'ಮಂತ್ ಎಂಡ್ ಕ್ಲೋಸಿಂಗ್' ಎಂಬ ಮೂರು ಪದವಿದೆ, ತಾರೀಖಿಲ್ಲ. ಕೇಳಿದಾಗ ತಿಳಿದದ್ದು, ಬ್ಯಾಂಕ್ ತಾಳೆ ಮತ್ತು ಬಾಕಿ ಖರ್ಚುಗಳ ಎಂಟ್ರಿ ಇವರದ್ದು, ಕೊನೆಯ ಮೊಹರು ಮ್ಯಾನೇಜರದ್ದು, ಅದು ಏಳನೇ ತಾರೀಖಿಗೆ ಆಗುತ್ತದೆ. ಅಂದರೆ ಈ ಹುದ್ದೆ ಕೇಳುವಷ್ಟು ಇವರು ಇನ್ನೂ ಮಾಡಿಲ್ಲ. ಪ್ರೊಫೈಲ್‌ನಿಂದ ಈ ಅಂಶವನ್ನೇ ಬಿಟ್ಟುಬಿಡಬೇಕೆಂಬ ಆಸೆ ಇಲ್ಲಿ ಬಲವಾಗಿರುತ್ತದೆ. ನಾಲ್ಕರಲ್ಲಿ ಮೂರಕ್ಕೆ ಉತ್ತರಿಸಿ ನಾಲ್ಕನೆಯದಕ್ಕೆ ಸುಮ್ಮನಿದ್ದರೆ, ಓದುವವರು ಮೂರರ ಹುರುಪಿನಲ್ಲಿ ನಾಲ್ಕನೆಯದೂ ಇದೆ ಎಂದುಕೊಳ್ಳುತ್ತಾರೆ. ಇಲ್ಲದ್ದನ್ನು ಇಲ್ಲ ಎಂದೇ ಬರೆಯಬೇಕು. ಹಾಗೆಯೇ 'ಇಲ್ಲ' ಮತ್ತು 'ಕೇಳಿಲ್ಲ' ಇವೆರಡನ್ನು ಒಂದು ಮಾಡಬಾರದು. ಫೋನ್‌ಗೆ ಸಿಗದೆ ವಿಚಾರಿಸಲಾಗದಿದ್ದರೆ 'ರೆಸ್ಯೂಮೆಯಲ್ಲಿ ಉಲ್ಲೇಖವಿಲ್ಲ, ಇಂಟರ್‌ವ್ಯೂನಲ್ಲಿ ಕೇಳಬಹುದು' ಎಂದರೆ ಅಭ್ಯರ್ಥಿಗೂ ನ್ಯಾಯ, ಮ್ಯಾನೇಜರ್‌ಗೂ ಅನುಕೂಲ.

ಕೆಲಸವಿಲ್ಲದ ಹನ್ನೊಂದು ತಿಂಗಳ ವಿಷಯವೂ ಹೀಗೆಯೇ. 2014ರ ಒಂಬತ್ತು ತಿಂಗಳು ಪರೀಕ್ಷೆಗೆ ಓದಿದ್ದು, ಅದಕ್ಕೆ ಪಾಸಾದ ಗ್ರೂಪೇ ಪುರಾವೆ. 2019ರ ಎರಡು ತಿಂಗಳು ತಂದೆಯ ಕಾಯಿಲೆಗಾಗಿ ಊರಿನಲ್ಲಿದ್ದದ್ದು. ಮೊದಲನೆಯದನ್ನು ಬರೆಯಬಹುದು. ಎರಡನೆಯದರ ಕಾರಣ ಅಭ್ಯರ್ಥಿ ಬರೆಯಿರಿ ಎಂದರೆ ಮಾತ್ರ. ಇಲ್ಲದಿದ್ದರೆ ತಿಂಗಳುಗಳು ಕಂಡರೆ ಸಾಕು. ವಯಸ್ಸು, ಮದುವೆ, ಜಾತಿ, ಫೋಟೊ, ಆಧಾರ್ ಸಂಖ್ಯೆ ಇವು ರೆಸ್ಯೂಮೆಯ ಕೊನೆಯ ಪುಟದಲ್ಲಿ ಇದ್ದೇ ಇರುತ್ತವೆ. ಹುದ್ದೆಯ ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೂ ಅವು ಉತ್ತರವಲ್ಲವಾದ್ದರಿಂದ ಪ್ರೊಫೈಲ್‌ಗೆ ಬರುವುದಿಲ್ಲ.

ಇಷ್ಟಾದ ಮೇಲೆ ಬರೆಯುವುದು ಹತ್ತು ನಿಮಿಷದ ಕೆಲಸ. ಅವಸರದಲ್ಲಿ ಬರೆದ ಪ್ರೊಫೈಲ್ ಹೀಗಿರುತ್ತಿತ್ತು:

'ಹದಿನಾಲ್ಕಕ್ಕೂ ಹೆಚ್ಚು ವರ್ಷ ಅನುಭವವಿರುವ ಸಿಎ ಇಂಟರ್. ಜಿಎಸ್‌ಟಿಯಲ್ಲಿ ಹತ್ತು ವರ್ಷಗಳ ಪರಿಣತಿ. ಎಸ್‌ಎಪಿ ಅಳವಡಿಸಿದ್ದಾರೆ. ಎಂಟು ಜನರ ತಂಡವನ್ನು ನಡೆಸಿ ಬಾಕಿಯನ್ನು ಶೇ. 40 ಇಳಿಸಿದ್ದಾರೆ. ತಿಂಗಳ ಲೆಕ್ಕ ಮುಗಿಸುವುದರಲ್ಲಿ ನಿಪುಣರು.'

ಐದು ವಾಕ್ಯ. ಪ್ರತಿಯೊಂದಕ್ಕೂ ರೆಸ್ಯೂಮೆಯಲ್ಲಿ ಏನೋ ಒಂದು ಆಧಾರವಿದೆ. ಹಾಗಿದ್ದೂ ಐದರಲ್ಲಿ ಒಂದೂ ನಿಲ್ಲುವುದಿಲ್ಲ. ತಿಂಗಳು ಎಣಿಸಿ, ಫೋನ್ ಮಾಡಿ ಬರೆದದ್ದು ಹೀಗೆ:

'ಒಟ್ಟು 12 ವರ್ಷ 9 ತಿಂಗಳ ಅಕೌಂಟ್ಸ್ ಅನುಭವ (ಆಡಿಟರ್ ಕಚೇರಿ 2011–14, ಪ್ಯಾಕಿಂಗ್ ಸಾಮಗ್ರಿ ತಯಾರಿಕೆ 2015–19, ವಾಹನ ಬಿಡಿಭಾಗ ತಯಾರಿಕೆ 2019ರಿಂದ ಈವರೆಗೆ). ಬಿ.ಕಾಂ.; ಸಿಎ ಇಂಟರ್ (ಆಗಿನ ಐಪಿಸಿಸಿ) ಗ್ರೂಪ್ 1, 2014. ಕೆಲಸದಲ್ಲಿಲ್ಲದ ಅವಧಿ: 2014ರಲ್ಲಿ ಒಂಬತ್ತು ತಿಂಗಳು (ಪರೀಕ್ಷೆ ತಯಾರಿ), 2019ರಲ್ಲಿ ಎರಡು ತಿಂಗಳು.

ಜಿಎಸ್‌ಟಿ: ಏಳೂವರೆ ವರ್ಷ; ಅದಕ್ಕೆ ಮೊದಲು ಎರಡೂವರೆ ವರ್ಷ ವ್ಯಾಟ್, ಸೇವಾ ತೆರಿಗೆ. ತಿಂಗಳ ರಿಟರ್ನ್‌ಗಳನ್ನು, 2ಬಿ ತಾಳೆ ಸಹಿತ, ತಾವೇ ಸಿದ್ಧಪಡಿಸುತ್ತಾರೆ. ವಾರ್ಷಿಕ ರಿಟರ್ನ್ ಹೊರಗಿನ ಆಡಿಟರ್ ಮಾಡುತ್ತಾರೆ, ಇವರು ಅಂಕಿಅಂಶ ಒದಗಿಸುತ್ತಾರೆ. ಎಸ್‌ಎಪಿ: 2022ರ ಏಪ್ರಿಲ್‌ನಿಂದ ದಿನನಿತ್ಯ ಬಳಕೆ, ಬದಲಾವಣೆಯ ವೇಳೆ ಆರಂಭಿಕ ಶಿಲ್ಕು ತಾಳೆ ನೋಡಿದ್ದಾರೆ. ತಂಡ: ಎರಡು ವರ್ಷದಿಂದ ಇಬ್ಬರಿಗೆ ಕೆಲಸ ಹಂಚಿ ಪರಿಶೀಲಿಸುತ್ತಾರೆ, ರಜೆ ಮಂಜೂರಾತಿ ಅವರ ಮ್ಯಾನೇಜರದ್ದು. ತಿಂಗಳ ಲೆಕ್ಕ: ಬ್ಯಾಂಕ್ ತಾಳೆ, ಬಾಕಿ ಖರ್ಚಿನ ಎಂಟ್ರಿ ಮಾಡುತ್ತಾರೆ, ಲೆಕ್ಕ ಮುಗಿಯುವುದು 7ನೇ ತಾರೀಖಿಗೆ, ಸ್ವಂತ ಹೊಣೆಯಲ್ಲಿ ಇನ್ನೂ ಮುಗಿಸಿಲ್ಲ. ಹಳೆ ಬಾಕಿ 1.5 ಕೋಟಿಯಿಂದ 90 ಲಕ್ಷಕ್ಕೆ ಇಳಿದ ಕೆಲಸದಲ್ಲಿ ವಾರದ ಪಟ್ಟಿ ಮತ್ತು ತಕರಾರು ಬಿಲ್ಲುಗಳ ಇತ್ಯರ್ಥ ಇವರ ಪಾಲು (ಅಂಕಿ ಅಭ್ಯರ್ಥಿ ಹೇಳಿದ್ದು).'

ಮೊದಲನೆಯದರ ಮಿರುಗು ಇದರಲ್ಲಿಲ್ಲ. ಆದರೆ ಫೈನಾನ್ಸ್ ಹೆಡ್ ಇದನ್ನು ಓದಿ ತೀರ್ಮಾನ ಮಾಡಬಹುದು: ತೆರಿಗೆ, ಎಸ್‌ಎಪಿ ಸರಿ, ಜನ ನಡೆಸುವುದು ಒಂದು ಹೆಜ್ಜೆ ಕಡಿಮೆ, ತಿಂಗಳ ಲೆಕ್ಕ ಕಲಿಸಬೇಕಾದೀತು. ಇಂಟರ್‌ವ್ಯೂನಲ್ಲಿ ಏನನ್ನು ಕೆದಕಬೇಕು ಎಂಬುದೂ ಅವರಿಗೆ ತಿಳಿಯಿತು.

ಕಳಿಸುವ ಮೊದಲು ಎರಡು ಪರೀಕ್ಷೆ ಉಳಿದಿವೆ. ಒಂದು, ಪ್ರೊಫೈಲ್‌ನ ಪ್ರತಿ ವಾಕ್ಯದ ಪಕ್ಕ ಅದು ರೆಸ್ಯೂಮೆಯ ಯಾವ ಪುಟದಿಂದ ಅಥವಾ ಯಾವ ದಿನದ ಫೋನ್ ಮಾತಿನಿಂದ ಬಂತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುವುದು. ಗುರುತು ಹಾಕಲಾಗದ ವಾಕ್ಯ ಬರೆದವರ ತಲೆಯಿಂದ ಬಂದದ್ದು, ಅದನ್ನು ತೆಗೆಯಬೇಕು. ಎರಡು, ಪ್ರೊಫೈಲನ್ನು ಅಭ್ಯರ್ಥಿಗೇ ಕಳಿಸಿ ಒಪ್ಪಿಗೆ ಪಡೆಯುವುದು. ತಮ್ಮ ಬಗ್ಗೆ ಏನು ಬರೆದು ಕಳಿಸಿದ್ದಾರೆ ಎಂದು ಗೊತ್ತೇ ಇಲ್ಲದೆ ಇಂಟರ್‌ವ್ಯೂಗೆ ಹೋಗಿ ಕೂತವರು ಎಷ್ಟೋ ಮಂದಿ. 'ಎಸ್‌ಎಪಿ ಅಳವಡಿಸಿದ್ದೀರಂತೆ' ಎಂಬ ಪ್ರಶ್ನೆಗೆ ಅವರು ಕಕ್ಕಾಬಿಕ್ಕಿಯಾದರೆ ಸುಳ್ಳುಗಾರರೆನಿಸಿಕೊಳ್ಳುವುದು ಅವರೇ, ಬರೆದವರಲ್ಲ.

ಉಬ್ಬಿಸಲು ಕಾರಣವೂ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕನ್ಸಲ್ಟೆನ್ಸಿಗೆ ದುಡ್ಡು ಬರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದಾಗ; ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಶುಲ್ಕ ಇಲ್ಲಿ ಸಾಮಾನ್ಯ. ಪ್ರೊಫೈಲ್ ಹೊಳೆದರೆ ಇಂಟರ್‌ವ್ಯೂ ಸಿಗುತ್ತದೆ ಎಂಬ ಲೆಕ್ಕ ಅಲ್ಲಿಂದ ಹುಟ್ಟುತ್ತದೆ. ಆದರೆ ಅದೇ ಒಪ್ಪಂದದಲ್ಲಿ ಸಾಮಾನ್ಯವಾಗಿ ಇನ್ನೊಂದು ಷರತ್ತೂ ಇರುತ್ತದೆ: ಸೇರಿದವರು ತೊಂಬತ್ತು ದಿನದೊಳಗೆ ಬಿಟ್ಟರೆ ಬೇರೊಬ್ಬರನ್ನು ಪುಕ್ಕಟೆ ಹುಡುಕಿಕೊಡಬೇಕು. ತಿಂಗಳ ಲೆಕ್ಕವನ್ನು ಎಂದೂ ತಾವೇ ಮುಗಿಸದವರು 'ನಿಪುಣರು' ಎಂಬ ಪದದ ಮೇಲೆ ಕೆಲಸಕ್ಕೆ ಸೇರಿದರೆ, ಅದು ಬಯಲಾಗಲು ಆ ತೊಂಬತ್ತು ದಿನದಲ್ಲಿ ಮೂರು ತಿಂಗಳ ಕೊನೆಗಳು ಬರುತ್ತವೆ.

ಪ್ರೊಫೈಲ್ ಹೋದ ಮೇಲೂ ಮೂಲ ರೆಸ್ಯೂಮೆ ಅದರ ಜೊತೆಗೇ ಇರಬೇಕು. ಮ್ಯಾನೇಜರ್ ಬೇಕೆಂದಾಗ ಆರೂ ಪುಟ ತೆರೆದು ನೋಡುವಂತಿರಬೇಕು. ಆದರೆ ಅಲ್ಲಿ ಇನ್ನೂ 'ಹದಿನಾಲ್ಕಕ್ಕೂ ಹೆಚ್ಚು', 'ಎಂಟು ಜನ' ಎಂದೇ ಇದ್ದರೆ ಎರಡು ಕಾಗದ ಎರಡು ಮಾತು ಹೇಳಿದಂತಾಗುತ್ತದೆ. ರೆಸ್ಯೂಮೆಯನ್ನು ರಿಕ್ರೂಟರ್ ತಾವಾಗಿ ತಿದ್ದಬಾರದು, ಅದು ಅಭ್ಯರ್ಥಿಯ ಕಾಗದ. ಬದಲಿಸಬೇಕಾದ ಸಾಲುಗಳನ್ನು ಹೇಳಿ, ಅವರೇ ತಿದ್ದಿ ಕಳಿಸಿದ ಪ್ರತಿಯನ್ನು ಲಗತ್ತಿಸಬೇಕು. ಈ ಉದಾಹರಣೆಯಲ್ಲಿ ಅಂಥ ಸಾಲುಗಳು ಆರು: ಒಟ್ಟು ವರ್ಷ, ಜಿಎಸ್‌ಟಿ ವರ್ಷ, ಹೆಸರಿನ ಪಕ್ಕದ ಸಿಎ ಇಂಟರ್, ಎಸ್‌ಎಪಿ, ತಂಡದ ಗಾತ್ರ, ಮತ್ತು ವಾರ್ಷಿಕ ರಿಟರ್ನ್.